ಎರಡು ಗಂಟೆ ಬ್ಯಾಕಪ್ ಎಂದರೆ ಎಷ್ಟು? ಶಾಲೆಯ ಕಂಪ್ಯೂಟರ್ ಲ್ಯಾಬಿನ ಟಿಒಆರ್‌ನಲ್ಲಿ ಕರೆಂಟಿನ ಭಾಗ

ಶಾಲೆಗೆ ಕಂಪ್ಯೂಟರ್ ಲ್ಯಾಬ್ ಕಟ್ಟಿಸಲು ಹೊರಗಿನ ಗುತ್ತಿಗೆದಾರರನ್ನು ಕರೆಯುವಾಗ ಎಸ್‌ಡಿಎಂಸಿಯವರು ಬರೆಯುವ ಟರ್ಮ್ಸ್ ಆಫ್ ರೆಫರೆನ್ಸ್, ಅಂದರೆ ಕೆಲಸದ ವ್ಯಾಪ್ತಿ ಮತ್ತು ಷರತ್ತುಗಳ ಪತ್ರ, ಸಾಮಾನ್ಯವಾಗಿ ಒಂದು ಸಾಮಾನಿನ ಪಟ್ಟಿಯಾಗಿರುತ್ತದೆ. ಕಂಪ್ಯೂಟರ್ 20, ಟೇಬಲ್ 20, ಯುಪಿಎಸ್ 1, ವೈರಿಂಗ್ ಒಂದು ಲಾಟ್. ಕಂಪ್ಯೂಟರಿನ ಪ್ರೊಸೆಸರ್, ರ‍್ಯಾಮ್‌ಗಳ ಬಗ್ಗೆ ಅರ್ಧ ಪುಟ ಇರುತ್ತದೆ, ಕರೆಂಟಿನ ಬಗ್ಗೆ ಒಂದು ಸಾಲು. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಲ್ಯಾಬ್‌ಗಳು ಮೂಲೆ ಸೇರುವುದು ಪ್ರೊಸೆಸರ್ ಹಳೆಯದಾಯಿತೆಂದು ಅಲ್ಲ, ಆ ಒಂದು ಸಾಲಿನಿಂದ. ಹಾಗಾಗಿ ಇಲ್ಲಿ ಆ ಸಾಲನ್ನು ಮಾತ್ರ ಬಿಡಿಸಿ ನೋಡೋಣ.

ತೀರ್ಥಹಳ್ಳಿಯಿಂದ ಒಳಗಿರುವ ಒಂದು ಪ್ರೌಢಶಾಲೆ ಎಂದಿಟ್ಟುಕೊಳ್ಳಿ. ಹಂಚಿನ ಮಾಡು, 20 ಡೆಸ್ಕ್‌ಟಾಪ್. ಪತ್ರದಲ್ಲಿರುವ ಸಾಲು ಹೀಗಿದೆ: "5 ಕೆವಿಎ ಆನ್‌ಲೈನ್ ಯುಪಿಎಸ್, 2 ಗಂಟೆ ಬ್ಯಾಕಪ್, ಬ್ಯಾಟರಿ ಸಹಿತ." ಓದಲು ಸರಿಯಾಗಿಯೇ ಇದೆ. ಆದರೆ ಎಷ್ಟು ಲೋಡಿಗೆ 2 ಗಂಟೆ ಎಂದು ಹೇಳಿಲ್ಲ. ಐದು ಕಂಪ್ಯೂಟರ್ ಹಾಕಿ 2 ಗಂಟೆ ಓಡಿಸಿ ತೋರಿಸಿದರೂ ಗುತ್ತಿಗೆದಾರ ಮಾತು ಉಳಿಸಿಕೊಂಡಂತೆಯೇ.

ಲೆಕ್ಕ ಹಾಕೋಣ. ಪಾಠ ನಡೆಯುವಾಗ ಒಂದು ಡೆಸ್ಕ್‌ಟಾಪ್ ಮತ್ತು ಅದರ ಎಲ್‌ಇಡಿ ಮಾನಿಟರ್ ಸೇರಿ ಸುಮಾರು 80 ವ್ಯಾಟ್ ಎಳೆಯುತ್ತವೆ. 20ಕ್ಕೆ 1,600. ಸ್ವಿಚ್, ರೂಟರ್ ಮತ್ತು ಒಂದಿಷ್ಟು ಹೆಚ್ಚುವರಿ ಸೇರಿಸಿ 2,000 ವ್ಯಾಟ್ ಎಂದು ಹಿಡಿಯಿರಿ. ಲೇಸರ್ ಪ್ರಿಂಟರನ್ನು ಯುಪಿಎಸ್‌ಗೆ ಕೊಡಬಾರದು ಎಂದು ಪತ್ರದಲ್ಲೇ ಬರೆಯಿರಿ. ಅದರೊಳಗಿನ ಹೀಟರ್ ಕಾದಾಗಲೆಲ್ಲ ಹತ್ತು ಕಂಪ್ಯೂಟರಿನಷ್ಟು ಲೋಡ್ ಒಮ್ಮೆಲೇ ಬೀಳುತ್ತದೆ.

2,000 ವ್ಯಾಟ್ 2 ಗಂಟೆ ಓಡಲು 4,000 ವ್ಯಾಟ್‌ಅವರ್ ಬೇಕು. ಗುತ್ತಿಗೆದಾರ 12 ವೋಲ್ಟ್, 26 ಎಎಚ್ ಅಂದರೆ 26 ಆಂಪಿಯರ್‌ಅವರ್‌ನ 16 ಬ್ಯಾಟರಿ ಕೊಡುತ್ತೇನೆ ಎನ್ನುತ್ತಾನೆ. ಗುಣಿಸಿದರೆ 4,992, ಬೇಕಾದ್ದಕ್ಕಿಂತ ಹೆಚ್ಚೇ ಕಾಣುತ್ತದೆ. ಕೊರತೆ ಎಲ್ಲಿದೆ ಎಂದರೆ, ಬ್ಯಾಟರಿಯ ಮೇಲೆ ಬರೆದ 26 ಎಎಚ್ ಅದನ್ನು 20 ಗಂಟೆಗಳಲ್ಲಿ ನಿಧಾನವಾಗಿ ಖಾಲಿ ಮಾಡಿದಾಗ ಸಿಗುವ ಅಂಕಿ. ಎರಡೇ ಗಂಟೆಯಲ್ಲಿ ಎಳೆದರೆ ಸೀಸದ ಬ್ಯಾಟರಿ ಅದರಲ್ಲಿ ಮೂರನೇ ಎರಡರಷ್ಟು ಮಾತ್ರ ಕೊಡುತ್ತದೆ. ಯುಪಿಎಸ್ ಒಳಗೆ ಹತ್ತರಲ್ಲೊಂದು ಪಾಲು ನಷ್ಟ. ಉಳಿಯುವುದು ಸುಮಾರು 3,000 ವ್ಯಾಟ್‌ಅವರ್, ಅಂದರೆ ಹೊಸದರಲ್ಲೇ ಒಂದೂವರೆ ಗಂಟೆ. ಅದೇ 16 ಬ್ಯಾಟರಿ 42 ಎಎಚ್‌ನದಾದರೆ ಹೊಸದರಲ್ಲಿ 2 ಗಂಟೆ 20 ನಿಮಿಷ ದಾಟುತ್ತದೆ. ಬ್ಯಾಟರಿ ಸವೆದು ಶಕ್ತಿ ಶೇ 80ಕ್ಕೆ ಇಳಿದಾಗಲೂ ಹತ್ತಿರಹತ್ತಿರ 2 ಗಂಟೆ ಇರುತ್ತದೆ. ಎರಡೂ ದರಪಟ್ಟಿಗಳಲ್ಲಿ "2 ಗಂಟೆ ಬ್ಯಾಕಪ್" ಎಂದೇ ಇರುತ್ತದೆ, ಕಡಿಮೆ ದರದ್ದು ಗೆಲ್ಲುತ್ತದೆ.

ಬ್ಯಾಟರಿಗಿಂತಲೂ ಕಣ್ಣಿಗೆ ಬೀಳದ್ದು ಚಾರ್ಜರ್. ಮಳೆಗಾಲದಲ್ಲಿ ಲೈನಿನ ಮೇಲೆ ಮರ ಬಿದ್ದು ಹಗಲೆಲ್ಲ ಕರೆಂಟ್ ಇಲ್ಲ, ಸಂಜೆ ಬಂತು ಎನ್ನಿ. ಮರುದಿನ ಬೆಳಿಗ್ಗೆ 10ರೊಳಗೆ ಬ್ಯಾಟರಿ ತುಂಬಬೇಕು. ಯುಪಿಎಸ್ ಜೊತೆಗೇ ಬರುವ ಸಣ್ಣ ಚಾರ್ಜರ್ 1 ಆಂಪಿಯರಿನದಾಗಿದ್ದರೆ 42 ಎಎಚ್ ತುಂಬಲು 40 ಗಂಟೆ ಮೀರುತ್ತದೆ. ದಿನವೂ ಹೀಗೆ ಅರ್ಧ ತುಂಬಿ ಪೂರ್ತಿ ಖಾಲಿಯಾದರೆ ಬ್ಯಾಕಪ್ ಅರ್ಧಕ್ಕೆ ಇಳಿಯುತ್ತದೆ. ಅರೆಹೊಟ್ಟೆಯಲ್ಲಿ ನಿಂತ ಸೀಸದ ಫಲಕಗಳಿಗೆ ಸಲ್ಫೇಟ್ ಕಟ್ಟಿ, ಬ್ಯಾಟರಿ ಒಂದೇ ವರ್ಷದಲ್ಲಿ ಕೈಕೊಡುತ್ತದೆ. ಈ ಗಾತ್ರಕ್ಕೆ 4 ಆಂಪಿಯರಿಗೆ ಕಡಿಮೆಯಾಗಬಾರದು.

ಇನ್ನು ವೋಲ್ಟೇಜ್. ಜನವರಿಯಿಂದ ಮೇವರೆಗೆ ಅಡಿಕೆ ತೋಟಗಳ ಪಂಪುಗಳು ಓಡುವ ಹೊತ್ತಿನಲ್ಲಿ ಕರೆಂಟ್ ಇದ್ದೂ ಇಲ್ಲದಂತೆ. ಟ್ಯೂಬ್‌ಲೈಟ್ ಮಿಟುಕುತ್ತದೆ, ಮೀಟರ್ 165, 170 ತೋರಿಸುತ್ತದೆ. ಯುಪಿಎಸ್‌ನ ಕೆಳಮಿತಿ 176 ಆಗಿದ್ದರೆ ಅದು ಕರೆಂಟ್ ಹೋಯಿತೆಂದೇ ತಿಳಿದು ಬ್ಯಾಟರಿಗೆ ಜಿಗಿಯುತ್ತದೆ. ಶಾಲೆಯವರಿಗೆ ತಿಳಿಯುವುದಿಲ್ಲ. ಫ್ಯಾನ್ ತಿರುಗುತ್ತಿರುತ್ತದೆ, ಬ್ಯಾಟರಿ ಒಳಗೊಳಗೇ ಖಾಲಿಯಾಗುತ್ತಿರುತ್ತದೆ. ಆಮೇಲೆ ನಿಜವಾಗಿ ಕರೆಂಟ್ ಹೋದಾಗ ಐದು ನಿಮಿಷಕ್ಕೆ ಎಲ್ಲ ಬಂದ್. ಆದ್ದರಿಂದ ಪತ್ರ ಬರೆಯುವ ಮೊದಲು ಒಂದು ವಾರ, ಶಾಲೆಯ ಸಮಯದಲ್ಲಿ ಗಂಟೆಗೊಮ್ಮೆ ಮಲ್ಟಿಮೀಟರ್ ಇಟ್ಟು ವೋಲ್ಟೇಜ್ ಬರೆದಿಡಿ. ಆ ಹಾಳೆಯನ್ನೇ ಪತ್ರಕ್ಕೆ ಲಗತ್ತಿಸಿ. "ನಮಗೆ ಗೊತ್ತಿರಲಿಲ್ಲ" ಎಂಬ ಉತ್ತರಕ್ಕೆ ಆಮೇಲೆ ಜಾಗ ಉಳಿಯುವುದಿಲ್ಲ.

ಇಷ್ಟನ್ನು ಸೇರಿಸಿದಾಗ ಒಂದು ಸಾಲಿನ ಬದಲು ಷರತ್ತು ಹೀಗಾಗುತ್ತದೆ:

"5 ಕೆವಿಎ ಆನ್‌ಲೈನ್ ಯುಪಿಎಸ್. 2,000 ವ್ಯಾಟ್ ಲೋಡ್ ಇರುವಾಗ 140ರಿಂದ 280 ವೋಲ್ಟ್‌ವರೆಗಿನ ಇನ್‌ಪುಟ್‌ನಲ್ಲಿ ಬ್ಯಾಟರಿಗೆ ಹೋಗದೆ ಕೆಲಸ ಮಾಡಬೇಕು. ಪೂರ್ತಿ ಚಾರ್ಜ್ ಆದ ಬ್ಯಾಟರಿಯಿಂದ ಅದೇ ಲೋಡಿಗೆ ಹಸ್ತಾಂತರದ ದಿನ ಕನಿಷ್ಠ 140 ನಿಮಿಷ, 11ನೇ ತಿಂಗಳಿನಲ್ಲಿ ಕನಿಷ್ಠ 120 ನಿಮಿಷ ಕೊಡಬೇಕು. ಪೂರ್ತಿ ಖಾಲಿಯಾದ ಬ್ಯಾಟರಿ 12 ಗಂಟೆಯೊಳಗೆ ಶೇ 90 ತುಂಬಬೇಕು. ಬ್ಯಾಟರಿಯ ಎಎಚ್, ಸಂಖ್ಯೆ, ಚಾರ್ಜರ್ ಆಂಪಿಯರ್, ತಯಾರಕರ ಡೇಟಾಶೀಟ್ ದರಪಟ್ಟಿಯೊಂದಿಗೆ ಇರಬೇಕು."

ಇಲ್ಲಿ ಕಂಪನಿಯ ಹೆಸರು ಇಲ್ಲ ಎಂಬುದನ್ನು ಗಮನಿಸಿ. ಸರ್ಕಾರಿ ಹಣವಾದರೆ 1999ರ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮದ ಚೌಕಟ್ಟಿನಲ್ಲಿ ಹೋಗಬೇಕಾಗುತ್ತದೆ, ಒಂದೇ ಬ್ರ್ಯಾಂಡ್ ಕಟ್ಟಿ ಬರೆದರೆ ತಕರಾರು ಬರುತ್ತದೆ. ಕೆಲಸ ಏನಾಗಬೇಕು, ಹೇಗೆ ಅಳೆಯುತ್ತೇವೆ ಎಂದು ಬರೆದರೆ ಬ್ರ್ಯಾಂಡಿನ ಅಗತ್ಯವೇ ಬೀಳುವುದಿಲ್ಲ.

ಮುಂದಿನದು ಆರ್‌ಸಿಸಿಬಿ, ಅಂದರೆ ಕರೆಂಟ್ ಅರ್ತಿಗೆ ಸೋರಿದರೆ ತಾನಾಗಿ ಲೈನ್ ಕಡಿಯುವ ಸ್ವಿಚ್. ತೇವದ ಗೋಡೆ, ಬರಿಗಾಲಿನ ಮಕ್ಕಳು ಇರುವಲ್ಲಿ 30 ಮಿಲಿಆಂಪಿಯರಿನದು ಇರಲೇಬೇಕು. ಆದರೆ ಪ್ರತಿ ಕಂಪ್ಯೂಟರಿನ ಎಸ್‌ಎಂಪಿಎಸ್, ಅಂದರೆ ಒಳಗಿನ ಪವರ್ ಸಪ್ಲೈ, ಕೆಟ್ಟಿಲ್ಲದಿದ್ದರೂ 1ರಿಂದ 1.5 ಮಿಲಿಆಂಪಿಯರ್ ಅರ್ತಿಗೆ ಸೋರಿಸುತ್ತದೆ, ಅದರ ಫಿಲ್ಟರ್ ಇರುವುದೇ ಹಾಗೆ. 20ನ್ನೂ ಒಂದೇ ಆರ್‌ಸಿಸಿಬಿಗೆ ಕೊಟ್ಟರೆ ಸೋರಿಕೆಯೇ 20ರಿಂದ 30 ಆಯಿತು. ಆರ್‌ಸಿಸಿಬಿ ತನ್ನ ಅಂಕಿಯ ಅರ್ಧ ದಾಟಿದ ಮೇಲೆ ಯಾವಾಗ ಬೇಕಾದರೂ ಬೀಳಬಹುದು. ಪಾಠದ ನಡುವೆ ಮತ್ತೆ ಮತ್ತೆ ಟ್ರಿಪ್ ಆಗುತ್ತದೆ, ಎಲೆಕ್ಟ್ರಿಷಿಯನ್ ಬಂದು 30ರದನ್ನು ತೆಗೆದು 300ರದನ್ನು ಹಾಕಿ ಹೋಗುತ್ತಾನೆ. ಟ್ರಿಪ್ ನಿಲ್ಲುತ್ತದೆ, ಮಕ್ಕಳಿಗಿದ್ದ ರಕ್ಷಣೆಯೂ ಅಲ್ಲಿಗೆ ಮುಗಿಯುತ್ತದೆ. ಪತ್ರದಲ್ಲಿ ಬರೆಯಬೇಕಾದ್ದು: ಐದೈದು ಕಂಪ್ಯೂಟರಿಗೆ ಒಂದರಂತೆ ನಾಲ್ಕು ಸರ್ಕ್ಯೂಟ್, ಪ್ರತಿಯೊಂದಕ್ಕೂ ಬೇರೆ 30 ಮಿಲಿಆಂಪಿಯರ್ ಆರ್‌ಸಿಸಿಬಿ, ಅದನ್ನು ಯಾವ ಕಾರಣಕ್ಕೂ ಹೆಚ್ಚಿನದಕ್ಕೆ ಬದಲಾಯಿಸುವಂತಿಲ್ಲ. ಪರೀಕ್ಷೆ ಆರ್‌ಸಿಸಿಬಿ ಟೆಸ್ಟರಿನಿಂದ, ಒಮ್ಮೆ ಮೇನ್ಸ್ ಇದ್ದಾಗ, ಒಮ್ಮೆ ಮೇನ್ಸ್ ತೆಗೆದು ಬ್ಯಾಟರಿ ಮೇಲೆ. ಬ್ಯಾಟರಿ ಮೇಲಿದ್ದಾಗ ಯುಪಿಎಸ್‌ನ ನ್ಯೂಟ್ರಲ್ ಅರ್ತಿನ ಸಂಪರ್ಕ ಕಳೆದುಕೊಂಡಿದ್ದರೆ ಆರ್‌ಸಿಸಿಬಿ ಬೀಳುವುದೇ ಇಲ್ಲ. ಅದರ ಮೇಲಿನ ಟೆಸ್ಟ್ ಬಟನ್ ಆಗಲೂ ಟಕ್ಕೆನ್ನುತ್ತದೆ, ಏಕೆಂದರೆ ಆ ಬಟನ್ ಅರ್ತನ್ನು ಮುಟ್ಟುವುದೇ ಇಲ್ಲ. ಬಟನ್ ಒತ್ತಿ ತೋರಿಸುವುದನ್ನು ಪರೀಕ್ಷೆ ಎಂದು ಒಪ್ಪಬೇಡಿ.

ಅರ್ತಿಂಗ್ ವಿಷಯದಲ್ಲಿ ನಮ್ಮ ನೆಲ ಬೇರೆ. ಜಂಬಿಟ್ಟಿಗೆ ನೆಲ ಮಳೆಯಲ್ಲಿ ಚೆನ್ನಾಗಿ ನೆನೆಯುತ್ತದೆ, ಬೇಸಿಗೆಯಲ್ಲಿ ಅಷ್ಟೇ ಬೇಗ ಒಣಗುತ್ತದೆ. ಆಗಸ್ಟಿನಲ್ಲಿ ಅಳೆದರೆ ಎಂಥ ಅರ್ತ್ ಕೂಡ ಪಾಸಾಗುತ್ತದೆ. ಗುಡುಗು ಮಿಂಚಿನ ಹೊಡೆತ ಬರುವುದು ಏಪ್ರಿಲ್, ಮೇನಲ್ಲಿ, ನೆಲ ಒಣಗಿರುವಾಗ. ಹಾಗಾಗಿ ಅಳತೆ ಬೇಸಿಗೆಯಲ್ಲಿ, ಅರ್ತ್ ಟೆಸ್ಟರಿನಿಂದ, 5 ಓಮ್ ಒಳಗೆ ಎಂದು ಬರೆಯಿರಿ. ಅಷ್ಟು ಬರಲು ಎಷ್ಟು ಅರ್ತ್ ಗುಂಡಿ ಬೇಕೆಂದು ಅಗೆಯುವ ಮೊದಲು ಯಾರೂ ಹೇಳಲಾರರು. ಒಟ್ಟು ದರದಲ್ಲಿ ಸೇರಿಸಿ ಎಂದರೆ ಒಬ್ಬ ಭಯಕ್ಕೆ ದರ ಏರಿಸುತ್ತಾನೆ, ಇನ್ನೊಬ್ಬ ಒಂದೇ ಗುಂಡಿ ತೋಡಿ ಉಪ್ಪು ನೀರು ಸುರಿದು ಅಳತೆ ತೋರಿಸುತ್ತಾನೆ. ಎರಡು ಗುಂಡಿ ಮೂಲ ದರದಲ್ಲಿರಲಿ, ಮೂರನೆಯದರಿಂದ ಗುಂಡಿಯೊಂದಕ್ಕೆ ಇಷ್ಟು ಎಂದು ಬೇರೆ ದರ ಕೇಳಿ. 3 ಮೀಟರ್ ರಾಡ್ ಆದರೆ ಗುಂಡಿಗಳ ನಡುವೆ 6 ಮೀಟರ್ ಅಂತರ ಇರಬೇಕು, ಪಕ್ಕಪಕ್ಕದಲ್ಲಿ ತೋಡಿದರೆ ಎರಡೂ ಸೇರಿ ಒಂದೂವರೆಯ ಕೆಲಸ ಮಾಡುತ್ತವೆ ಅಷ್ಟೆ. ಕಂಪ್ಯೂಟರಿಗೆ ಪ್ರತ್ಯೇಕ ಅರ್ತ್ ಎಂದು ಕಟ್ಟಡದ ಅರ್ತಿಗೆ ಜೋಡಿಸದೆ ಬಿಡುವ ರೂಢಿಯೊಂದಿದೆ, ಅದು ಅಪಾಯ. ಸಿಡಿಲು ಹತ್ತಿರದಲ್ಲಿ ಬಿದ್ದಾಗ ಎರಡು ಅರ್ತ್‌ಗಳ ನಡುವೆ ಸಾವಿರಾರು ವೋಲ್ಟ್ ವ್ಯತ್ಯಾಸ ಏಳುತ್ತದೆ, ಅದು ಕಂಪ್ಯೂಟರಿನ ಮೂಲಕವೇ ಹಾಯುತ್ತದೆ. ಎಲ್ಲ ಅರ್ತ್‌ಗಳೂ ಒಂದಕ್ಕೊಂದು ಜೋಡಿಸಿರಬೇಕು, ಬೋರ್ಡಿನಲ್ಲಿ ಸರ್ಜ್ ಪ್ರೊಟೆಕ್ಟರ್ ಇರಬೇಕು. ಆಫೀಸು ಕಟ್ಟಡದಿಂದ ಲ್ಯಾಬಿಗೆ ಇಂಟರ್‌ನೆಟ್ ಎಳೆಯುವುದಾದರೆ ತಾಮ್ರದ ಕೇಬಲ್ ಬೇಡ, ಫೈಬರ್ ಇರಲಿ.

ಯಾರ ಕೆಲಸ ಎಲ್ಲಿಗೆ ಮುಗಿಯುತ್ತದೆ ಎಂಬುದನ್ನೂ ಬರೆಯಬೇಕು. ಮೆಸ್ಕಾಂನಲ್ಲಿ ಮಂಜೂರಾದ ಲೋಡ್ ಏರಿಸುವ ಅರ್ಜಿ ಶಾಲೆಯ ಹೆಸರಿನಲ್ಲಿ, ಓಡಾಟ ಮತ್ತು ಕಾಗದ ಗುತ್ತಿಗೆದಾರನದು, ಶುಲ್ಕ ಶಾಲೆಯದು. ಲ್ಯಾಬಿನ ಲೋಡ್, ಬ್ಯಾಟರಿ ಚಾರ್ಜ್ ಸೇರಿ 3 ಕಿಲೋವ್ಯಾಟ್ ದಾಟುತ್ತದೆ. ಹಂಚು ಸರಿಪಡಿಸುವುದು, ಕಿಟಕಿಗೆ ಜಾಲರಿ ಶಾಲೆಯ ಪಾಲಿಗೆ. ಯುಪಿಎಸ್‌ನ ಗಾಳಿ ಕಿಂಡಿಗಳಿಗೆ ಸಣ್ಣ ಕಣ್ಣಿನ ಜಾಲರಿ ಮಾತ್ರ ಗುತ್ತಿಗೆದಾರನದು. ಹಲ್ಲಿ ಒಳಹೊಕ್ಕು ಬೋರ್ಡಿನ ಮೇಲೆ ಸತ್ತು ಶಾರ್ಟ್ ಆದರೆ "ವಾರಂಟಿಗೆ ಬರುವುದಿಲ್ಲ" ಎಂಬ ಉತ್ತರ ಸಿದ್ಧವಾಗಿರುತ್ತದೆ.

ಇದೆಲ್ಲ ನಿಲ್ಲುವುದು ಹಣದ ಕಂತುಗಳ ಮೇಲೆ. ಸಾಮಾನು ಬಂದು ಸೀರಿಯಲ್ ನಂಬರ್ ತಾಳೆಯಾದಾಗ ಶೇ 40, ಪರೀಕ್ಷೆಗಳು ಮುಗಿದಾಗ 30, ಎರಡು ತಿಂಗಳ ಓಟದ ನಂತರ 20, ಉಳಿದ 10 ಹನ್ನೊಂದನೇ ತಿಂಗಳ ಬ್ಯಾಕಪ್ ಪರೀಕ್ಷೆಯ ನಂತರ. ಕೆಲಸವನ್ನು ಬೇಸಿಗೆ ರಜೆಯಲ್ಲಿ ಮುಗಿಸುವಂತೆ ದಿನಾಂಕ ಇಟ್ಟರೆ ಅರ್ತ್ ಅಳತೆ ಒಣನೆಲದಲ್ಲಿ ಆಗುತ್ತದೆ, ಎರಡು ತಿಂಗಳ ಓಟ ಜೂನ್-ಜುಲೈ ಮಳೆಗೆ ಬೀಳುತ್ತದೆ. ಮಾರ್ಚ್ ಕೊನೆಗೆ ಹಣ ಖರ್ಚು ತೋರಿಸಬೇಕೆಂಬ ಒತ್ತಡ ಬಂದರೂ ಸಾಮಾನಿನ ಕಂತಿಗಿಂತ ಮುಂದೆ ಹೋಗಬೇಡಿ.

ಬ್ಯಾಕಪ್ ಪರೀಕ್ಷೆಯ ದಿನ ಗುತ್ತಿಗೆದಾರನ ಕಡೆಯವರಲ್ಲದ ಒಬ್ಬ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಇರಲಿ. ಹಿಂದಿನ 24 ಗಂಟೆ ಯುಪಿಎಸ್ ಚಾರ್ಜಿನಲ್ಲಿರಬೇಕು. 20 ಕಂಪ್ಯೂಟರಿನಲ್ಲೂ ವಿಡಿಯೊ ಹಾಕಿ, ಯುಪಿಎಸ್ ಪರದೆಯ ಲೋಡ್ ಬರೆದುಕೊಂಡು, 2,000 ವ್ಯಾಟಿಗೆ ಕಡಿಮೆ ಬಿದ್ದರೆ ಬಲ್ಬುಗಳನ್ನು ಸೇರಿಸಿ, ಮೇನ್ಸ್ ಇಳಿಸಿ. ಯುಪಿಎಸ್ ತಾನಾಗಿ ಬಂದ್ ಆಗುವವರೆಗೆ ಕಾಯಿರಿ. ಕೆಂಪು ದೀಪ ಹತ್ತಿದಾಗ "ಇನ್ನು ಸಾಕು, ಬ್ಯಾಟರಿ ಹಾಳಾಗುತ್ತದೆ" ಎಂದು ನಿಲ್ಲಿಸಲು ಹೇಳುತ್ತಾರೆ. ತನ್ನ ಬ್ಯಾಟರಿಯನ್ನು ಎಲ್ಲಿ ಕಡಿಯಬೇಕೆಂದು ಯುಪಿಎಸ್‌ಗೇ ಗೊತ್ತಿದೆ. ಆರಿದ ಗಂಟೆ, ನಿಮಿಷ ಬರೆದು ಇಬ್ಬರೂ ಸಹಿ ಹಾಕಿ, ಮತ್ತೆ ಮೇನ್ಸ್ ಏರಿಸಿ, 12 ಗಂಟೆಯ ನಂತರ ಚಾರ್ಜ್ ಎಷ್ಟಾಗಿದೆ ಎಂಬುದನ್ನು ಅದೇ ಹಾಳೆಯ ಕೆಳಗೆ ಸೇರಿಸಿ.