ಚಿನ್ನದ ಬೇಡಿಕೆ ವರದಿಯ ಕೋಷ್ಟಕವನ್ನು ಕೆಳಗಿನಿಂದ ಮೇಲಕ್ಕೆ ಓದುವುದು

ವಿಶ್ವ ಚಿನ್ನ ಮಂಡಳಿ ಮೂರು ತಿಂಗಳಿಗೊಮ್ಮೆ ಚಿನ್ನದ ಬೇಡಿಕೆಯ ವರದಿ ಹೊರಡಿಸುತ್ತದೆ. ವರ್ಷದ ಕೊನೆಯ ತ್ರೈಮಾಸಿಕದ ವರದಿಯಲ್ಲಿ ಇಡೀ ವರ್ಷದ ಲೆಕ್ಕವೂ ಇರುತ್ತದೆ. 2025ರ ಫೆಬ್ರುವರಿಯಲ್ಲಿ ಬಂದ 2024ರ ವರದಿಯನ್ನೇ ಇಲ್ಲಿ ಬಿಡಿಸಿ ನೋಡೋಣ. ಅಂಕಿಗಳೆಲ್ಲ ಆ ವರದಿ ಮೊದಲು ಪ್ರಕಟಿಸಿದವು, ಟನ್‌ಗಳಲ್ಲಿವೆ. ಎಲ್ಲವೂ ಅಪ್ಪಟ ಚಿನ್ನದ ತೂಕ ಎಂಬುದು ನೆನಪಿರಲಿ: 916 ಹಾಲ್‌ಮಾರ್ಕ್‌ನ 10 ಗ್ರಾಂ ಸರ ಈ ಲೆಕ್ಕಕ್ಕೆ ಸುಮಾರು 9.16 ಗ್ರಾಂ ಆಗಿ ಮಾತ್ರ ಸೇರುತ್ತದೆ.

ಪತ್ರಿಕೆಗಳ ತಲೆಬರಹಕ್ಕೆ ಬಂದದ್ದು ‘ಒಟ್ಟು ಬೇಡಿಕೆ 4,974 ಟನ್, ಹೊಸ ದಾಖಲೆ’ ಎಂಬ ಸಾಲು. ಇದು ಕೋಷ್ಟಕದ ಬೇಡಿಕೆ ಭಾಗದ ಕಟ್ಟಕಡೆಯ ಸಾಲು. ಅದೇ ಕೋಷ್ಟಕದ ಪೂರೈಕೆ ಭಾಗ ನೋಡಿ: ಗಣಿಗಳಿಂದ 3,661, ಹಳೆ ಚಿನ್ನ ಕರಗಿಸಿ ಬಂದದ್ದು 1,370, ಗಣಿ ಕಂಪನಿಗಳು ಮುಂದಿನ ಮಾರಾಟಕ್ಕೆ ಬೆಲೆಯನ್ನು ಮೊದಲೇ ಗೊತ್ತು ಮಾಡಿಕೊಳ್ಳುವ ಹೆಡ್ಜಿಂಗ್ ಲೆಕ್ಕದಲ್ಲಿ 57 ಕಳೆಯಬೇಕು. ಕೂಡಿಸಿದರೆ 4,974. ಬೇಡಿಕೆ, ಪೂರೈಕೆ ಎರಡೂ ಒಂದೇ. ಇದು ಆಕಸ್ಮಿಕವಲ್ಲ, ಲೆಕ್ಕವನ್ನೇ ಹಾಗೆ ಕಟ್ಟಿದ್ದಾರೆ. ಅಳೆಯಲು ಬರುವ ಬೇಡಿಕೆಯನ್ನು ಮೊದಲು ಕೂಡಿಸುತ್ತಾರೆ:

ಆಭರಣ ತಯಾರಿಕೆ 2,003.5 + ತಂತ್ರಜ್ಞಾನ 326.1 + ಹೂಡಿಕೆ 1,179.5 + ಕೇಂದ್ರ ಬ್ಯಾಂಕ್ 1,044.6 = 4,553.7

ಇದಕ್ಕೂ ಪೂರೈಕೆಗೂ ನಡುವೆ ಉಳಿದ ಸುಮಾರು 421 ಟನ್ ‘ಒಟಿಸಿ ಮತ್ತು ಇತರೆ’ ಎಂಬ ಸಾಲಿಗೆ ಹೋಗುತ್ತದೆ. ವಿನಿಮಯ ಕೇಂದ್ರಕ್ಕೆ ಬಾರದೆ ದೊಡ್ಡ ಹೂಡಿಕೆದಾರರು ನೇರವಾಗಿ ಮಾಡುವ ಖರೀದಿ ಇದರಲ್ಲಿದೆ. ದಾಸ್ತಾನಿನ ಏರಿಳಿತವೂ ಅಂದಾಜಿನ ತಪ್ಪುಗಳೂ ಇದರಲ್ಲೇ ಸೇರಿಕೊಂಡಿವೆ. ಹಾಗಾಗಿ ‘ಒಟ್ಟು ಬೇಡಿಕೆ ದಾಖಲೆ ಮುಟ್ಟಿತು’ ಎಂದರೆ ‘ಪೂರೈಕೆ ದಾಖಲೆ ಮುಟ್ಟಿತು’ ಎಂದಷ್ಟೇ ಅರ್ಥ. ‘ಬೇಡಿಕೆ ಪೂರೈಕೆಯನ್ನು ಮೀರಿದ್ದರಿಂದ ಬೆಲೆ ಏರಿತು’ ಎಂದು ಈ ಕೋಷ್ಟಕ ತೋರಿಸಿ ವಾದಿಸಲು ಬರುವುದಿಲ್ಲ. ಬೆಲೆಯ ಕಾರಣ ಹುಡುಕುವವರು 4,974ನ್ನು ಬಿಟ್ಟು ಒಳಗಿನ ಸಾಲುಗಳಿಗೆ ಹೋಗಬೇಕು.

ಆಭರಣಕ್ಕೆ ಎರಡು ಅಂಕಿಗಳಿವೆ, ಕಲಿಯುವವರು ಹೆಚ್ಚಾಗಿ ಎಡವುವುದು ಇಲ್ಲೇ. 2,003.5 ಎಂಬುದು ತಯಾರಾದ ಒಡವೆ. ಗ್ರಾಹಕರು ಕೊಂಡದ್ದು 1,877. ನಡುವಿನ 126 ಟನ್ ಅಂಗಡಿ, ಸಗಟು ವ್ಯಾಪಾರಿಗಳ ದಾಸ್ತಾನಿಗೆ ಸೇರಿತು. ಒಟ್ಟು ಮೊತ್ತಕ್ಕೆ ಹೋಗುವುದು ತಯಾರಿಕೆಯ ಅಂಕಿ, ಜನರ ಖರೀದಿಯ ಬಗ್ಗೆ ಬರೆಯುವಾಗ ಬೇಕಾದದ್ದು ಎರಡನೆಯದು. ಎರಡನ್ನೂ ಕೂಡಿಸಿದರೆ ಅದೇ ಚಿನ್ನ ಎರಡು ಸಲ ಲೆಕ್ಕಕ್ಕೆ ಬರುತ್ತದೆ.

ನಮ್ಮ ಕಡೆಯವರು ಗಮನಿಸಬೇಕಾದ ಇನ್ನೊಂದು ನಿಯಮವಿದೆ. ಹಳೆ ಒಡವೆ ಕೊಟ್ಟು ಹೊಸದು ಮಾಡಿಸಿಕೊಂಡರೆ, ಆ ಹಳೆ ಚಿನ್ನದ ಮಟ್ಟಿಗಿನ ಖರೀದಿ ಬೇಡಿಕೆಗೂ ಸೇರುವುದಿಲ್ಲ, ಮರುಬಳಕೆಯ ಪೂರೈಕೆಗೂ ಸೇರುವುದಿಲ್ಲ. 20 ಗ್ರಾಂ ಬಳೆ ಕೊಟ್ಟು ಅದೇ ಶುದ್ಧತೆಯ 30 ಗ್ರಾಂ ಸರ ಒಯ್ದರೆ ಲೆಕ್ಕಕ್ಕೆ ಬರುವುದು ಮೇಲಿನ 10 ಗ್ರಾಂನಲ್ಲಿರುವ ಅಪ್ಪಟ ಚಿನ್ನ ಮಾತ್ರ. ಬೆಲೆ ಏರಿದಾಗ ವಿನಿಮಯ ಹೆಚ್ಚುತ್ತದೆ. ಆಗ ಅಂಗಡಿಯಲ್ಲಿ ಜನ ತುಂಬಿದ್ದರೂ ವರದಿಯಲ್ಲಿ ಬೇಡಿಕೆ ಕುಸಿದಂತೆ ಕಾಣಬಹುದು. ಎರಡೂ ನಿಜವೇ.

ತೂಕ ಇಳಿದರೂ ಹಣ ಏರುವುದನ್ನು ಒಮ್ಮೆ ಕೈಯಾರೆ ಲೆಕ್ಕ ಹಾಕಿ ನೋಡಿ. ಒಂದು ಟನ್‌ಗೆ 32,151 ಟ್ರಾಯ್ ಔನ್ಸ್. 2023ರಲ್ಲಿ ಆಭರಣ ಖರೀದಿ ಸುಮಾರು 2,110 ಟನ್, ಅಂದರೆ 6.78 ಕೋಟಿ ಔನ್ಸ್. ಸರಾಸರಿ ಬೆಲೆ 1,941 ಡಾಲರ್‌ನಂತೆ ಸುಮಾರು 13,170 ಕೋಟಿ ಡಾಲರ್ ಆಯಿತು. 2024ರಲ್ಲಿ 1,877 ಟನ್ ಎಂದರೆ 6.03 ಕೋಟಿ ಔನ್ಸ್. 2,386 ಡಾಲರ್‌ನಂತೆ ಸುಮಾರು 14,400 ಕೋಟಿ. ತೂಕ ಶೇ 11ರಷ್ಟು ಇಳಿಯಿತು, ಹಣ ಶೇ 9ರಷ್ಟು ಏರಿತು. ಗ್ರಾಹಕರು ಚಿನ್ನದಿಂದ ದೂರ ಸರಿಯಲಿಲ್ಲ. ಹೆಚ್ಚು ಹಣ ಕೊಟ್ಟು ಕಡಿಮೆ ತೂಕದ ಒಡವೆ ಕೊಂಡರು. ಯಾರಾದರೂ ‘ಬೇಡಿಕೆ ಏರಿತು’ ಅಥವಾ ‘ಇಳಿಯಿತು’ ಎಂದರೆ ತೂಕದಲ್ಲೋ ಹಣದಲ್ಲೋ ಎಂದು ಮೊದಲು ಕೇಳಿ.

ಹೂಡಿಕೆಯ ಸಾಲು ಇನ್ನೂ ಮೋಸ ಮಾಡುತ್ತದೆ. 2023ರ 945.5ರಿಂದ 2024ರ 1,179.5ಕ್ಕೆ, ಶೇ 25ರಷ್ಟು ಏರಿಕೆ. ಜನ ಮುಗಿಬಿದ್ದು ಚಿನ್ನ ಕೊಂಡರೆಂದು ತೋರುತ್ತದೆ. ಬಿಡಿಸಿದರೆ ಬೇರೆಯೇ ಕಥೆ. ಗಟ್ಟಿ ಮತ್ತು ನಾಣ್ಯ ಸೇರಿ ಸುಮಾರು 1,190 ಇದ್ದದ್ದು 1,186 ಆಯಿತು, ಅಂದರೆ ಬಹುತೇಕ ಅಲ್ಲೇ ನಿಂತಿತು. ಬದಲಾದದ್ದು ಇಟಿಎಫ್, ಅಂದರೆ ಚಿನ್ನ ಇಟ್ಟುಕೊಂಡು ಷೇರುಪೇಟೆಯಲ್ಲಿ ಯೂನಿಟ್ ಮಾರುವ ನಿಧಿಗಳು. 2023ರಲ್ಲಿ ಅವುಗಳಿಂದ 244 ಟನ್ ಹೊರಹೋಗಿತ್ತು, 2024ರಲ್ಲಿ ಹೊರಹೋದದ್ದು 7 ಟನ್ ಮಾತ್ರ. ಇಟಿಎಫ್ ಸಾಲಿನಲ್ಲಿರುವುದು ನಿಧಿಗಳ ಬಳಿಯಿರುವ ಒಟ್ಟು ಚಿನ್ನವಲ್ಲ, ಆ ಅವಧಿಯಲ್ಲಿ ಆದ ವ್ಯತ್ಯಾಸ. ಅದಕ್ಕೇ ಅದು ಋಣಾತ್ಮಕವಾಗಬಲ್ಲದು. ಏರಿಕೆಯಂತೆ ಕಂಡದ್ದು ನಿಜಕ್ಕೂ ಮಾರಾಟ ನಿಂತದ್ದು.

ಗಟ್ಟಿ ಮತ್ತು ನಾಣ್ಯದ ಒಳಗೂ ಇಣುಕಬೇಕು. ಗಟ್ಟಿ ಶೇ 10ರಷ್ಟು ಏರಿ 860 ಟನ್ ಆಯಿತು, ಮುಖಬೆಲೆಯುಳ್ಳ ಅಧಿಕೃತ ನಾಣ್ಯ ಶೇ 31ರಷ್ಟು ಬಿದ್ದು 201 ಟನ್ ಆಯಿತು. ಎರಡರ ಗ್ರಾಹಕರು ಹೆಚ್ಚಾಗಿ ಬೇರೆ ಬೇರೆ ದೇಶದವರು, ಆದ್ದರಿಂದ ಒಟ್ಟು ಮೊತ್ತ ನಿಂತಂತಿದ್ದರೂ ಒಳಗೆ ಸಾಕಷ್ಟು ಚಲನೆ ಇರುತ್ತದೆ. ಅಕ್ಷಯ ತೃತೀಯಕ್ಕೆ ನಾವು ಕೊಳ್ಳುವ ಲಕ್ಷ್ಮಿ ನಾಣ್ಯ ಅಧಿಕೃತ ನಾಣ್ಯದಲ್ಲಿ ಸಿಗುವುದಿಲ್ಲ. ಅದಕ್ಕೆ ಮುಖಬೆಲೆ ಇಲ್ಲ, ಅದು ಮೆಡಲ್ ಮತ್ತು ಅನುಕರಣ ನಾಣ್ಯದ ಸಾಲಿಗೆ ಹೋಗುತ್ತದೆ. ಆ ಸಾಲಿನ ಬಹುಪಾಲು ಭಾರತದ್ದೇ.

ಕೇಂದ್ರ ಬ್ಯಾಂಕ್‌ಗಳ 1,045 ಟನ್ ನಿವ್ವಳ ಅಂಕಿ, ಕೊಂಡದ್ದರಲ್ಲಿ ಮಾರಿದ್ದನ್ನು ಕಳೆದು ಉಳಿದದ್ದು. ಪೋಲೆಂಡ್ 90, ನಮ್ಮ ರಿಸರ್ವ್ ಬ್ಯಾಂಕ್ 73 ಟನ್ ಎಂದು ಬಹಿರಂಗವಾಗಿ ತಿಳಿಸಿವೆ. ಆದರೆ ಎಲ್ಲ ದೇಶಗಳೂ ಹೀಗೆ ಹೇಳುವುದಿಲ್ಲ. ಹೇಳದೆ ಕೊಂಡದ್ದನ್ನು ಅಂದಾಜು ಮಾಡಿ ಸೇರಿಸುತ್ತಾರೆ, ಆದ್ದರಿಂದ ಈ ಸಾಲು ಆಮೇಲೆ ಬದಲಾಗುತ್ತದೆ. 2022ರ ಖರೀದಿ ಮೊದಲ ವರದಿಯಲ್ಲಿ 1,136 ಟನ್ ಎಂದಿದ್ದು ಮುಂದಿನ ವರದಿಗಳಲ್ಲಿ 1,082 ಆಯಿತು. ಹಳೆ ವರದಿಯಿಂದ ಹಿಂದಿನ ವರ್ಷದ ಅಂಕಿ, ಹೊಸದರಿಂದ ಈ ವರ್ಷದ್ದು ತೆಗೆದು ಹೋಲಿಸಬಾರದು. ಎರಡನ್ನೂ ಹೊಸ ಕೋಷ್ಟಕದಿಂದಲೇ ತೆಗೆಯಿರಿ. ಲಂಡನ್‌ನಲ್ಲಿದ್ದ ಚಿನ್ನವನ್ನು ರಿಸರ್ವ್ ಬ್ಯಾಂಕ್ ಭಾರತಕ್ಕೆ ತರಿಸಿಕೊಂಡದ್ದು ಈ ಸಾಲಿನಲ್ಲಿ ಸೊನ್ನೆ. ಒಡೆಯರು ಬದಲಾಗಿಲ್ಲವಲ್ಲ.

ತಂತ್ರಜ್ಞಾನ 326 ಟನ್. ಅದರಲ್ಲಿ ಎಲೆಕ್ಟ್ರಾನಿಕ್ಸ್‌ನದೇ ಸಿಂಹಪಾಲು, ಹಲ್ಲಿನ ಚಿಕಿತ್ಸೆಗೆ ಹೋಗುವುದು ಅತ್ಯಲ್ಪ. ನಿಧಾನವಾಗಿ ಚಲಿಸುವ ಸಾಲು, ಇದಕ್ಕೆ ಹೆಚ್ಚು ಹೊತ್ತು ಕೊಡಬೇಕಿಲ್ಲ.

ತ್ರೈಮಾಸಿಕಗಳನ್ನು ಹೋಲಿಸುವಾಗ ಹಿಂದಿನ ವರ್ಷದ ಅದೇ ಮೂರು ತಿಂಗಳ ಜತೆಗೇ ಹೋಲಿಸಿ. ಭಾರತದ ಆಭರಣ ಖರೀದಿ 2024ರ ಏಪ್ರಿಲ್–ಜೂನ್‌ನಲ್ಲಿ 106.5 ಟನ್, ಜುಲೈ–ಸೆಪ್ಟೆಂಬರ್‌ನಲ್ಲಿ 171.6 ಟನ್. ಇವೆರಡನ್ನು ಪಕ್ಕಪಕ್ಕ ಇಟ್ಟರೆ ಶೇ 61ರ ನೆಗೆತ. 2023ರ ಜುಲೈ–ಸೆಪ್ಟೆಂಬರ್‌ನ 155.7 ಟನ್ ಜತೆ ಇಟ್ಟರೆ ಏರಿಕೆ ಶೇ 10 ಮಾತ್ರ. ಆ ಶೇ 10ನ್ನೂ ಹಾಗೇ ಒಪ್ಪಿಕೊಳ್ಳಬಾರದು. ಜುಲೈ ಬಜೆಟ್‌ನಲ್ಲಿ ಆಮದು ಸುಂಕ ಶೇ 15ರಿಂದ ಶೇ 6ಕ್ಕೆ ಇಳಿಯಿತು, ಆ ಹೊತ್ತಿಗೆ ಕೊಳ್ಳಲು ಕಾದಿದ್ದವರೂ ಮುಂದೆ ಕೊಳ್ಳಬೇಕೆಂದಿದ್ದವರೂ ಒಟ್ಟಿಗೆ ಅಂಗಡಿಗೆ ಬಂದಿರಬಹುದು. ಹೀಗೆ ಮೊದಲೇ ಆದ ಖರೀದಿ ಎಷ್ಟಿತ್ತೆಂದು ಅಳೆಯಲು ಹಿಂದಿನ ಮತ್ತು ಮುಂದಿನ ತ್ರೈಮಾಸಿಕಗಳನ್ನೂ ಸೇರಿಸಿ, ಹಿಂದಿನ ವರ್ಷದ ಅದೇ ಒಂಬತ್ತು ತಿಂಗಳಿಗೆ ಹೋಲಿಸಬೇಕಾಗುತ್ತದೆ.