ಮೂರನೆಯ ಪ್ಯಾಸೇಜಿಗೆ ಬರುವಾಗ ತಲೆ ನಿಂತುಹೋಗುತ್ತದೆ, ಏನು ಮಾಡಲಿ?

ಪ್ರಶ್ನೆ: ನಾನು ಬದಿಯಡ್ಕದ ಕಡೆಯವನು. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ್ದೇನೆ. ಎಂ.ಎಸ್ಸಿ.ಗಾಗಿ ಹೊರದೇಶಕ್ಕೆ ಹೋಗಲು ಐಇಎಲ್‌ಟಿಎಸ್ ಬರೆಯಬೇಕಾಗಿದೆ. ಓದುವ ವಿಭಾಗದಲ್ಲಿ ಮೊದಲ ಪ್ಯಾಸೇಜನ್ನು ಹೇಗೋ ದಾಟುತ್ತೇನೆ. ಮೂರನೆಯದಕ್ಕೆ ಬರುವಾಗ ಒಂದೇ ಸಾಲನ್ನು ನಾಲ್ಕು ಸಲ ಓದಿದರೂ ಏನೂ ಒಳಗೆ ಹೋಗುವುದಿಲ್ಲ. ದಿನವೂ ಇಂಗ್ಲಿಷ್ ಪತ್ರಿಕೆ ಓದು ಎಂದು ಎಲ್ಲರೂ ಹೇಳುತ್ತಾರೆ. ಅಷ್ಟು ಸಾಕೇ?

ಉತ್ತರ: ಪತ್ರಿಕೆಯ ಮಾತು ಆಮೇಲೆ. ನಿಮ್ಮದು ನಿಜವಾಗಿಯೂ ದಣಿವೇ ಎಂಬುದನ್ನು ಮೊದಲು ನೋಡೋಣ. ಐಇಎಲ್‌ಟಿಎಸ್ ಅಕಾಡೆಮಿಕ್ ಪರೀಕ್ಷೆಯ ಓದಿನ ವಿಭಾಗದಲ್ಲಿ ಮೂರು ಪ್ಯಾಸೇಜುಗಳು, 40 ಪ್ರಶ್ನೆಗಳು, 60 ನಿಮಿಷ. ಮೂರೂ ಸೇರಿ ಸುಮಾರು 2,150ರಿಂದ 2,750 ಪದಗಳು. ಮೂರನೆಯದು ಸಾಮಾನ್ಯವಾಗಿ ಮೊದಲನೆಯದಕ್ಕಿಂತ ಕಷ್ಟದ್ದೇ ಆಗಿರುತ್ತದೆ. ಆದ್ದರಿಂದ ಅಲ್ಲಿ ಎಡವಿದ ಮಾತ್ರಕ್ಕೆ ದಣಿದಿದ್ದೀರಿ ಎನ್ನಲಾಗದು. ಹಳೆಯ ಅಭ್ಯಾಸ ಪತ್ರಿಕೆಗಳನ್ನು ನಾಲ್ಕು ತೆಗೆದುಕೊಳ್ಳಿ. ಎರಡನ್ನು ಎಂದಿನ ಕ್ರಮದಲ್ಲಿ ಮಾಡಿ. ಉಳಿದೆರಡರಲ್ಲಿ ಬೆಳಗಿನ ಹೊತ್ತು, ತಲೆ ಹಗುರವಾಗಿರುವಾಗ, ಮೂರನೆಯ ಪ್ಯಾಸೇಜಿನಿಂದಲೇ ಶುರುಮಾಡಿ. ಮೊದಲು ಓದಿದಾಗ ಅದೇ ಮೂರನೆಯದರಲ್ಲಿ ಅಂಕ ಚೆನ್ನಾಗಿ ಏರಿದರೆ ನಿಮಗೆ ಬೇಕಾದದ್ದು ಓದುವ ತಾಳಿಕೆ. ಏರದಿದ್ದರೆ ಸಮಸ್ಯೆ ಪದಗಳದ್ದು, ವಾಕ್ಯಗಳದ್ದು. ಆಗ ಹೆಚ್ಚು ಹೊತ್ತು ಕುಳಿತು ಓದಿ ಪ್ರಯೋಜನವಿಲ್ಲ, ಕೆಳಗಿನ ಮಟ್ಟದ ಪಠ್ಯಕ್ಕೆ ಇಳಿಯಬೇಕು.

ಹೆಚ್ಚಿನವರಲ್ಲಿ ಎರಡೂ ಸೇರಿಕೊಂಡಿರುತ್ತವೆ. ಯಾಕೆಂದರೆ ಓದಿ ದಣಿಯುವುದಕ್ಕೆ ಪುಟಗಳ ಸಂಖ್ಯೆಗಿಂತ ಪ್ರತಿ ಸಾಲಿನಲ್ಲೂ ಮಾಡುವ ದುಡಿಮೆ ಮುಖ್ಯ ಕಾರಣ. ಕನ್ನಡದಲ್ಲಿ ‘ನಿನ್ನೆ ಬಂದ ಹುಡುಗ’ ಎನ್ನುತ್ತೇವೆ; ವಿಶೇಷಣವೆಲ್ಲ ಮುಂದೆ, ಹುಡುಗ ಕೊನೆಗೆ. ಇಂಗ್ಲಿಷಿನಲ್ಲಿ ಹುಡುಗ ಮೊದಲು ಬಂದು ನಿಲ್ಲುತ್ತಾನೆ, ಆಮೇಲೆ ‘ಹೂ’, ‘ವಿಚ್’, ‘ದಟ್’ ಎಂದು ಬಾಲ ಬೆಳೆಯುತ್ತದೆ. ಮಲಯಾಳ, ತುಳುಗಳ ಕ್ರಮವೂ ನಮ್ಮದೇ ಆದ್ದರಿಂದ ಕಾಸರಗೋಡಿನ ಬಹುಭಾಷಿಕ ತಲೆಗೂ ಇಲ್ಲಿ ರಿಯಾಯಿತಿ ಇಲ್ಲ. ಮನಸ್ಸಿನಲ್ಲೇ ಕನ್ನಡಕ್ಕೆ ಅನುವಾದಿಸುತ್ತಾ ಹೋಗುವವನು ಪ್ರತಿ ಉದ್ದ ವಾಕ್ಯದ ತುದಿಗೆ ಹೋಗಿ, ಹಿಂದೆ ಬಂದು, ಜೋಡಿಸಬೇಕು. ನಲವತ್ತು ನಿಮಿಷ ಹೀಗೆ ಮಾಡಿದರೆ ಯಾರ ತಲೆಯಾದರೂ ನಿಲ್ಲುತ್ತದೆ. ಬಾಲ ಬಂದಂತೆಯೇ ಅರ್ಥ ಕೂಡಿಕೊಳ್ಳುವ ಅಭ್ಯಾಸ ಆಗುವುದು, ಬಹುಪಾಲು ಅರ್ಥವಾಗುವ ಪಠ್ಯವನ್ನು ರಾಶಿ ರಾಶಿಯಾಗಿ ಓದಿದಾಗ ಮಾತ್ರ.

‘ಬಹುಪಾಲು’ ಎಂದರೆ ಎಷ್ಟು? ಯಾರ ಸಹಾಯವೂ ಇಲ್ಲದೆ ಸಲೀಸಾಗಿ ಓದಲು ನೂರರಲ್ಲಿ 98 ಪದಗಳಾದರೂ ಗೊತ್ತಿರಬೇಕು ಎಂಬುದು ಶಬ್ದಸಂಪತ್ತಿನ ಕುರಿತು ಕೆಲಸ ಮಾಡಿದ ಪಾಲ್ ನೇಷನ್ ಮೊದಲಾದವರ ಲೆಕ್ಕ. ಗೊತ್ತಿರುವ ಪದಗಳು 95ಕ್ಕಿಂತ ಕೆಳಗಿಳಿದರೆ ಓದು ಊಹೆಯಾಗುತ್ತದೆ. ಅಭ್ಯಾಸಕ್ಕೆ ಬೇಕಾದ, ನಿಮ್ಮ ಮಟ್ಟಕ್ಕಿಂತ ಸ್ವಲ್ಪವೇ ಮೇಲಿನ ಪಠ್ಯ ಎಂದರೆ ಈ ಎರಡರ ನಡುವಿನ ಜಾಗ. ನೂರು ಪದಗಳಲ್ಲಿ ಎಣಿಸಿದರೆ ಲೆಕ್ಕ ತಪ್ಪುತ್ತದೆ, ಮುನ್ನೂರರಲ್ಲಿ ಎಣಿಸಿ. ಅರ್ಥ ಗೊತ್ತಿಲ್ಲದ ಪದಗಳು ಆರಕ್ಕಿಂತ ಕಡಿಮೆ ಇದ್ದರೆ ಅದು ಸುಲಭ, ಆರರಿಂದ ಹದಿನೈದು ಇದ್ದರೆ ತಕ್ಕದ್ದು, ಹದಿನೈದು ದಾಟಿದರೆ ಸದ್ಯಕ್ಕೆ ಬೇಡ. ಊರು, ವ್ಯಕ್ತಿಗಳ ಹೆಸರನ್ನೂ ಲೇಖಕರೇ ಅಲ್ಲಿಯೇ ವಿವರಿಸಿದ ಪಾರಿಭಾಷಿಕ ಪದವನ್ನೂ ಎಣಿಸಬೇಡಿ. ಇಂಗ್ಲಿಷ್ ಪತ್ರಿಕೆಯ ಸಂಪಾದಕೀಯ ಅನೇಕರಿಗೆ ಈ ಎಣಿಕೆಯಲ್ಲೇ ಸೋಲುತ್ತದೆ. ಅದನ್ನು ದಿನವೂ ಹಲ್ಲು ಕಚ್ಚಿ ಓದುವುದು ಶಿಸ್ತಿನಂತೆ ಕಾಣುತ್ತದೆ, ಆದರೆ ತಾಳಿಕೆ ಬೆಳೆಸುವುದಿಲ್ಲ.

ಒಬ್ಬಳ ಕಥೆ ಹೇಳುತ್ತೇನೆ. ಕುಂಬಳೆಯಿಂದ ಮಂಗಳೂರಿಗೆ ದಿನವೂ ರೈಲಿನಲ್ಲಿ ಹೋಗಿಬರುತ್ತಿದ್ದ ನನ್ನ ವಿದ್ಯಾರ್ಥಿನಿ. ಸಂಪಾದಕೀಯದ ಮುನ್ನೂರು ಪದಗಳಲ್ಲಿ ಅವಳಿಗೆ ಹದಿನೇಳು ಗೊತ್ತಿರಲಿಲ್ಲ. ಅವಳ ಮನೆಯಲ್ಲಿ ಅಡಕೆ ತೋಟ. ಹಾಗಾಗಿ ಅಡಕೆ, ತೆಂಗುಗಳ ಬಗ್ಗೆ ಬೆಳೆಗಾರರಿಗಾಗಿ ಬರೆದ ಸರಳ ಇಂಗ್ಲಿಷ್ ಲೇಖನಗಳನ್ನು ಕೊಟ್ಟೆ. ಕಾಸರಗೋಡಿನ ಸಿಪಿಸಿಆರ್‌ಐ, ಅಂದರೆ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ, ಇರುವ ಊರಿನಲ್ಲಿ ಇಂಥ ಓದಿಗೆ ಬರವಿಲ್ಲ. ಕೊಳೆರೋಗ ಮಳೆಗಾಲದಲ್ಲಿ ಹೇಗೆ ಹರಡುತ್ತದೆ, ಬೋರ್ಡೋ ದ್ರಾವಣವನ್ನು ಯಾವಾಗ ಸಿಂಪಡಿಸಬೇಕು ಎಂಬುದು ಅವಳಿಗೆ ಅಪ್ಪನ ಬಾಯಿಂದಲೇ ಗೊತ್ತು. ವಿಷಯದ ಭಾರ ಇಳಿದಾಗ ಉಳಿದದ್ದು ಭಾಷೆಯ ಭಾರ ಮಾತ್ರ. ಒಂದೇ ವಿಷಯದಲ್ಲಿ ನಿಂತಿದ್ದರಿಂದ ‘ಶಿಲೀಂಧ್ರ’, ‘ತೇವಾಂಶ’, ‘ಇಳುವರಿ’ಗಳ ಇಂಗ್ಲಿಷ್ ಪದಗಳು ಲೇಖನದಿಂದ ಲೇಖನಕ್ಕೆ ಮರಳಿ ಸಿಗುತ್ತಿದ್ದವು. ಮುನ್ನೂರಕ್ಕೆ ಎಂಟು, ಒಂಬತ್ತು ಅಪರಿಚಿತ ಪದಗಳು.

ಕೈಯಲ್ಲಿ ಪೆನ್ಸಿಲ್ ಇರಬೇಕು, ನಿಘಂಟು ಬೇಡ ಎಂದೆ. ಓದಿದ ಸಾಲಿಗೆ ಮತ್ತೆ ಹಿಂದೆ ಹೋಗಬೇಕಾದಾಗಲೆಲ್ಲ ಅಂಚಿನಲ್ಲಿ ಒಂದು ಚುಕ್ಕೆ. ಅಪರಿಚಿತ ಪದ ಮೂರನೆಯ ಸಲ ಎದುರಾದರೆ ಮಾತ್ರ ಅಡಿಗೆರೆ. ಅರ್ಥ ಹುಡುಕುವುದು ಮನೆಗೆ ಹೋದ ಮೇಲೆ. ಮುಗಿಸಿ, ಹಾಳೆ ಮುಚ್ಚಿ, ಓದಿದ್ದನ್ನು ಕನ್ನಡದಲ್ಲಿ ಮೂರು ವಾಕ್ಯಗಳಲ್ಲಿ ಬರೆಯಬೇಕು. ಬರೆಯಲಾಗದಿದ್ದರೆ ಆ ದಿನದ ನಿಮಿಷಗಳನ್ನು ಲೆಕ್ಕಕ್ಕೆ ಹಿಡಿಯಬಾರದು. ಕಣ್ಣು ಸಾಲಿನ ಮೇಲೆ ಹರಿದು ಮನಸ್ಸು ದಾರಿಯ ಉಪ್ಪಳ ಸ್ಟೇಷನ್ನಿನಲ್ಲಿ ಇಳಿದುಹೋಗಿರುವುದು ಗೊತ್ತಾಗುವುದು ಹೀಗೆಯೇ.

ಮೊದಲ ವಾರ ಹದಿನೈದು ನಿಮಿಷಕ್ಕೆ ಒಂಬತ್ತು ಚುಕ್ಕೆಗಳು, ಹೆಚ್ಚಿನವು ಹನ್ನೊಂದನೆಯ ನಿಮಿಷದ ನಂತರ. ಮೂರನೆಯ ವಾರದ ಕೊನೆಗೆ ಅದೇ ಹದಿನೈದು ನಿಮಿಷಕ್ಕೆ ನಾಲ್ಕು. ಆಗ ಇಪ್ಪತ್ತಕ್ಕೆ ಏರಿಸಿದೆವು. ಚುಕ್ಕೆಗಳು ಇಳಿದ ಮೇಲೆಯೇ ಐದು ನಿಮಿಷ ಸೇರಿಸುವುದು, ಕ್ಯಾಲೆಂಡರ್ ನೋಡಿ ಅಲ್ಲ. ಆರನೆಯ ವಾರ ಚುಕ್ಕೆಗಳು ದಿಢೀರನೆ ಹನ್ನೆರಡಕ್ಕೆ ಹಾರಿದವು. ತಪ್ಪು ನನ್ನದು: ಸಮಯವನ್ನು ಏರಿಸಿದ ವಾರದಲ್ಲೇ ವಿಷಯವನ್ನೂ ತೋಟದಿಂದ ನಗರ ಯೋಜನೆಗೆ ಬದಲಿಸಿದ್ದೆ. ಹಳೆಯ ನಿಮಿಷಗಳಿಗೆ ಇಳಿದು, ಹೊಸ ವಿಷಯದಲ್ಲೇ ಹತ್ತು ದಿನ ಕಳೆದ ಮೇಲೆ ಸರಿಹೋಯಿತು. ಹಾಗೆಂದು ವಿಷಯ ಬದಲಿಸದೇ ಇರುವಂತಿಲ್ಲ. ಪರೀಕ್ಷೆ ಅಡಕೆಯ ಬಗ್ಗೆಯೇ ಕೇಳುವುದಿಲ್ಲವಲ್ಲ!

ನಾಲ್ಕನೆಯ ತಿಂಗಳಿಗೆ ಅವಳು ನಲವತ್ತು ನಿಮಿಷ ಎಡೆಬಿಡದೆ ಓದುತ್ತಿದ್ದಳು. ವೇಗವೂ ನಿಮಿಷಕ್ಕೆ 95 ಪದಗಳಿಂದ 130ರ ಸುತ್ತಮುತ್ತ ಬಂದಿತ್ತು, ವೇಗಕ್ಕಾಗಿ ನಾವು ಏನೂ ಮಾಡದಿದ್ದರೂ. 2,500 ಪದಗಳನ್ನು ಒಮ್ಮೆ ಓದಲು ಮೊದಲು 26 ನಿಮಿಷ ಹಿಡಿಯುತ್ತಿದ್ದದ್ದು ಈಗ 19. ಪ್ರಶ್ನೆಗಳಿಗೆ ಏಳು ನಿಮಿಷ ಹೆಚ್ಚು ಸಿಕ್ಕಿತು. ದಣಿವಿನ ಒಂದು ಪಾಲು ಗಡಿಯಾರದ ಭಯದ್ದಾಗಿತ್ತು ಎಂದು ಅವಳೇ ಆಮೇಲೆ ಹೇಳಿದಳು.

ನಿಮ್ಮ ಪರೀಕ್ಷೆ ಯಾವಾಗ ಎಂದು ಬರೆದಿಲ್ಲ. ಎರಡೇ ವಾರ ಉಳಿದಿದ್ದರೆ ಈ ದಾರಿ ಹಿಡಿಯಬೇಡಿ; ಪೂರ್ಣ ಪ್ರಮಾಣದ ಅಭ್ಯಾಸ ಪತ್ರಿಕೆಗಳನ್ನೇ ಮಾಡಿ. ‘ಟ್ರೂ, ಫಾಲ್ಸ್, ನಾಟ್ ಗಿವನ್’ ಮಾದರಿಯ ಪ್ರಶ್ನೆಗಳ ಉಪಾಯ ಈ ಓದಿನಿಂದ ಬರುವುದಿಲ್ಲ, ಅದಕ್ಕೆ ಬೇರೆಯೇ ಅಭ್ಯಾಸ ಬೇಕು. ಮೂರು, ನಾಲ್ಕು ತಿಂಗಳಿದ್ದರೆ ಕಾಗದದಲ್ಲಿ ಶುರುಮಾಡಿ. ನೀವು ಕಂಪ್ಯೂಟರಿನಲ್ಲಿ ಪರೀಕ್ಷೆ ಬರೆಯುವುದಾದರೆ ಕೊನೆಯ ತಿಂಗಳು ಪರದೆಗೆ ಬನ್ನಿ. ಅಂಚಿನಲ್ಲಿ ಚುಕ್ಕೆ ಇಡಲು ಆಗುವುದಿಲ್ಲವಾದ್ದರಿಂದ ಪಕ್ಕದಲ್ಲೊಂದು ಚೀಟಿ ಇಟ್ಟುಕೊಳ್ಳಿ. ಕಾಗದದಲ್ಲಿ ಮೂರಿದ್ದ ಚುಕ್ಕೆ ಪರದೆಯಲ್ಲಿ ಐದಾರು ಆದರೆ ಗಾಬರಿಯಾಗಬೇಡಿ, ಮೊದಲ ವಾರ ಐದು ನಿಮಿಷ ಕಡಿಮೆ ಓದಿ. ಎಷ್ಟೇ ಸುಲಭದ ಪಠ್ಯವಾದರೂ ಹದಿನೈದು ನಿಮಿಷಕ್ಕೇ ತಲೆನೋವು ಶುರುವಾಗುತ್ತಿದ್ದರೆ, ಒಮ್ಮೆ ಕಣ್ಣಿನ ಡಾಕ್ಟರರಿಗೆ ತೋರಿಸಿಕೊಂಡು ಬನ್ನಿ.