ವಾಟ್ಸ್ಆ್ಯಪ್ ಖಾತೆ ಅಳಿಸುವುದು: ಗ್ರೂಪು ಮತ್ತು ಹಳೆಯ ಬ್ಯಾಕಪ್

ಆ್ಯಪ್ ಅನ್‌ಇನ್‌ಸ್ಟಾಲ್ ಮಾಡಿದ ಮಾತ್ರಕ್ಕೆ ವಾಟ್ಸ್ಆ್ಯಪ್ ಖಾತೆ ಹೋಗುವುದಿಲ್ಲ. ನಿಮ್ಮ ನಂಬರು ಗ್ರೂಪುಗಳಲ್ಲಿ ಹಾಗೇ ಇರುತ್ತದೆ, ಜನ ಮೆಸೇಜು ಕಳಿಸುತ್ತಲೇ ಇರುತ್ತಾರೆ. ಖಾತೆ ಅಳಿಸಬೇಕಾದದ್ದು ಆ್ಯಪ್‌ನ ಒಳಗಿನಿಂದಲೇ.

ಮಂಗಳೂರಿನ ಕದ್ರಿಯಲ್ಲಿ ಅಪಾರ್ಟ್‌ಮೆಂಟ್ ಸಂಘದ ಕಾರ್ಯದರ್ಶಿಯೊಬ್ಬರು ಹಳೆಯ ನಂಬರು ಬಿಡುತ್ತಿದ್ದಾರೆ ಎಂದಿಟ್ಟುಕೊಳ್ಳಿ. ಸಂಘದ ಗ್ರೂಪಿಗೆ ಅವರೊಬ್ಬರೇ ಅಡ್ಮಿನ್. ಅವರು ಹಾಗೇ ಖಾತೆ ಅಳಿಸಿದರೆ ಗ್ರೂಪು ಮುಚ್ಚುವುದಿಲ್ಲ, ಸದಸ್ಯರಲ್ಲಿ ಯಾರೋ ಒಬ್ಬರು ತಾನಾಗಿ ಅಡ್ಮಿನ್ ಆಗುತ್ತಾರೆ. ಅದು ಮೇಲಿನ ಮನೆಯ ಬಾಡಿಗೆದಾರರೂ ಆಗಬಹುದು. ಹಾಗಾಗಿ ಮೊದಲೇ ಅಧ್ಯಕ್ಷರನ್ನೋ ಖಜಾಂಚಿಯನ್ನೋ ಅಡ್ಮಿನ್ ಮಾಡಿಡಬೇಕು. ಕಾರ್ಯದರ್ಶಿ ಕಳಿಸಿದ ಹಳೆಯ ಮೆಸೇಜು, ಮೆಯಿಂಟೆನೆನ್ಸ್ ಲೆಕ್ಕದ ಫೋಟೊ ಉಳಿದವರ ಫೋನಿನಲ್ಲಿ ಇದ್ದೇ ಇರುತ್ತವೆ. ಅದೇ ನಂಬರಿನಲ್ಲಿ ಮತ್ತೆ ಖಾತೆ ತೆರೆದರೂ ಗ್ರೂಪಿಗೆ ಯಾರಾದರೂ ಪುನಃ ಸೇರಿಸಿಕೊಳ್ಳಬೇಕು.

ನಂಬರು ಬದಲಾಗುವುದಷ್ಟೇ ಆದರೆ ಅಳಿಸುವುದೇ ಬೇಡ. ಅಕೌಂಟ್ ಪುಟದಲ್ಲಿರುವ ‘ಚೇಂಜ್ ನಂಬರ್’ ಬಳಸಿದರೆ ಗ್ರೂಪುಗಳು ಹೊಸ ನಂಬರಿನಲ್ಲೇ ಮುಂದುವರಿಯುತ್ತವೆ.

ಅಳಿಸಲೇಬೇಕೆಂದರೆ ಮೊದಲು ಸೆಟ್ಟಿಂಗ್ಸ್, ಚಾಟ್ಸ್, ಚಾಟ್ ಬ್ಯಾಕಪ್‌ಗೆ ಹೋಗಿ ಯಾವ ಗೂಗಲ್ ಖಾತೆ ಕಾಣಿಸುತ್ತದೆ ಎಂದು ಬರೆದಿಟ್ಟುಕೊಳ್ಳಿ. ಖಾತೆ ಹೋದ ಮೇಲೆ ಇದನ್ನು ಆ್ಯಪ್‌ನಲ್ಲಿ ನೋಡಲಾಗದು. ಬೇಕಾದ ಚಾಟ್‌ಗಳನ್ನು ಈಗಲೇ ಎಕ್ಸ್‌ಪೋರ್ಟ್ ಮಾಡಿ. ಬಳಿಕ ಸೆಟ್ಟಿಂಗ್ಸ್, ಅಕೌಂಟ್, ‘ಡಿಲೀಟ್ ಅಕೌಂಟ್’ ಒತ್ತಿ, +91 ಜತೆ ಪೂರ್ತಿ ನಂಬರು ಹಾಕಿ ಖಚಿತಪಡಿಸಿ. ಸಿಮ್ ಒಪ್ಪಿಸುವ ಮೊದಲೇ ಇದು ಮುಗಿಯಬೇಕು. ಆ್ಯಪ್ ತೆಗೆದುಬಿಟ್ಟಿದ್ದರೆ ಮತ್ತೆ ಹಾಕಿ ಒಟಿಪಿ ಪಡೆಯಬೇಕಾಗುತ್ತದೆ, ಸಿಮ್ ಇಲ್ಲದಿದ್ದರೆ ಅದು ಬರುವುದಿಲ್ಲ. ವಾಟ್ಸ್ಆ್ಯಪ್ ತನ್ನ ಬಳಿ ಇರುವ ಮಾಹಿತಿಯನ್ನು ಅಳಿಸಲು 90 ದಿನದವರೆಗೆ ತೆಗೆದುಕೊಳ್ಳಬಹುದು, ಆದರೆ ಆ ಅವಧಿಯಲ್ಲಿ ಮನಸ್ಸು ಬದಲಿಸಿದರೂ ನಿಮಗೆ ಅದು ವಾಪಸು ಸಿಗದು.

ಬಹಳ ಮಂದಿ ಎಡವುವುದು ಬ್ಯಾಕಪ್ ವಿಷಯದಲ್ಲಿ. ಖಾತೆ ಅಳಿಸುವಾಗ ಅದಕ್ಕೆ ಜೋಡಿಸಿದ ಗೂಗಲ್ ಬ್ಯಾಕಪ್ ಕೂಡ ಅಳಿಯಬೇಕು. ಆದರೆ ನಮ್ಮ ಕಾರ್ಯದರ್ಶಿ ಎರಡು ವರ್ಷದ ಹಿಂದೆ ಮಗನ ಜಿಮೇಲ್‌ನಲ್ಲಿ ಬ್ಯಾಕಪ್ ಇಟ್ಟು, ಆಮೇಲೆ ತಮ್ಮದಕ್ಕೆ ಬದಲಿಸಿದ್ದರೆ? ಹಳೆಯದು ಮಗನ ಡ್ರೈವ್‌ನಲ್ಲಿ ಉಳಿದುಕೊಂಡಿರಬಹುದು. ಆದ್ದರಿಂದ ಬಳಸಿದ ಪ್ರತಿ ಜಿಮೇಲ್‌ನಲ್ಲೂ ಲಾಗಿನ್ ಆಗಿ, ಕಂಪ್ಯೂಟರಿನಲ್ಲಿ ಈ ವಿಳಾಸ ತೆರೆಯಿರಿ:

```
drive.google.com/drive/backups
```

ವಾಟ್ಸ್ಆ್ಯಪ್ ಹೆಸರಿನ ಸಾಲು ಕಂಡರೆ ಆರಿಸಿ ಡಿಲೀಟ್ ಮಾಡಿ. ಡ್ರೈವ್‌ನ ಸಾಮಾನ್ಯ ಫೈಲುಗಳ ನಡುವೆ ಹುಡುಕಿದರೆ ಇದು ಸಿಗುವುದಿಲ್ಲ. ಐಫೋನಿನಲ್ಲಾದರೆ ಫೋನಿನ ಸೆಟ್ಟಿಂಗ್ಸ್‌ನಲ್ಲಿ ನಿಮ್ಮ ಹೆಸರು ಒತ್ತಿ, ಐಕ್ಲೌಡ್ ಸ್ಟೋರೇಜ್ ಪಟ್ಟಿಯಲ್ಲಿ ವಾಟ್ಸ್ಆ್ಯಪ್ ಇನ್ನೂ ಇದೆಯೇ ನೋಡಿ, ಇದ್ದರೆ ಅಲ್ಲಿಂದಲೇ ಅಳಿಸಿ. ಗ್ಯಾಲರಿಗೆ ಇಳಿದ ಫೋಟೊಗಳು, ಗೂಗಲ್ ಫೋಟೋಸ್‌ಗೆ ಹೋದ ಅವುಗಳ ಪ್ರತಿಗಳು ಈ ಯಾವುದರಿಂದಲೂ ಹೋಗುವ ಭರವಸೆಯಿಲ್ಲ, ಅವನ್ನು ಕೈಯಾರೆ ತೆಗೆಯಬೇಕು.